ಮೊತ್ತ ತಾಳೆಯಾದರೆ ಸಾಲದು, ಬ್ಯಾಲೆನ್ಸೂ ತಾಳೆಯಾಗಬೇಕು

“ಸ್ಕ್ಯಾನ್ ಮಾಡಿದ ಬ್ಯಾಂಕ್ ಸ್ಟೇಟ್‌ಮೆಂಟಿನ ಕಾಲಂ ಮೊತ್ತ ತಾಳೆಯಾದರೆ, ಚಿತ್ರದಿಂದ ಅಕ್ಷರ-ಅಂಕಿ ಓದುವ ಓಸಿಆರ್ ತಂತ್ರಾಂಶ ಸರಿಯಾಗಿ ಓದಿದೆ ಎಂದರ್ಥ.”

ಅಷ್ಟು ಸಲೀಸಲ್ಲ. ಒಂದು ಸಾಲಿನಲ್ಲಿ 3 ಹೋಗಿ 8 ಆಗಿ, ಇನ್ನೊಂದರಲ್ಲಿ ಅದೇ ಸ್ಥಾನದ 8 ಹೋಗಿ 3 ಆದರೆ ಮೊತ್ತ ಕದಲುವುದೇ ಇಲ್ಲ. ಮೊತ್ತ ತಪ್ಪಿದರೂ ಎಡವಟ್ಟು ಯಾವ ಸಾಲಿನಲ್ಲಿ ಎಂದು ತಿಳಿಯದು. ಪ್ರತಿ ಸಾಲಿನಲ್ಲೂ ಹಿಂದಿನ ಬ್ಯಾಲೆನ್ಸಿನಿಂದ ಡೆಬಿಟ್ ಕಳೆದು, ಕ್ರೆಡಿಟ್ ಕೂಡಿಸಿ, ಅಚ್ಚಾದ ಬ್ಯಾಲೆನ್ಸಿಗೆ ಹೋಲಿಸಿ. 62,700ರಲ್ಲಿ 18,450 ಕಳೆದರೆ 44,250. ಆದರೆ ಆ ಸಾಲಿನಲ್ಲಿರುವುದು 49,250. ವ್ಯತ್ಯಾಸ ಸರಿಯಾಗಿ 5,000, ಅಂದರೆ 13,450ರ 3 ಅನ್ನು 8 ಎಂದು ಓದಿರುವ ಸಾಧ್ಯತೆಯೇ ಹೆಚ್ಚು. ಮುಂದಿನ ಸಾಲು ತಾಳೆಯಾದರೆ ತಪ್ಪು ಡೆಬಿಟ್‌ನದು. ಅದೂ 5,000ಕ್ಕೇ ಉಲ್ಟಾ ತಪ್ಪಿದರೆ ಬ್ಯಾಲೆನ್ಸನ್ನೇ ತಪ್ಪು ಓದಿದೆ. ದಿನಾಂಕದ ತಪ್ಪು ಮಾತ್ರ ಈ ಲೆಕ್ಕಕ್ಕೂ ಸಿಗದು, ಅದಕ್ಕೆ ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಕಣ್ಣಾಡಿಸಲೇಬೇಕು.