ಭಾವನ ಒಂದು ವರ್ಷದ ವೀಸಾ

ವೀಸಾ ಪತ್ರದಲ್ಲಿ ‘Granted’ ಅನ್ನೋದನ್ನಷ್ಟೇ ಓದಿ ಸಿಹಿ ಹಂಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಉಳಿದ ಪುಟ ಓದೋಕೆ ನಾನಿದ್ದೀನಲ್ಲ, ಬಿಟ್ಟಿಗೆ.

ನಿನ್ನೆ ರಾತ್ರಿ ಭಾವನ ಫೋನು. ಆಸ್ಟ್ರೇಲಿಯಾದ ವಿಸಿಟರ್ ವೀಸಾ, ಸಬ್‌ಕ್ಲಾಸ್ 600. “ಒಂದು ವರ್ಷ ಕೊಟ್ಟಿದ್ದಾರೆ ಕಣೋ! ಮಲ್ಟಿಪಲ್ ಎಂಟ್ರಿ ಬೇರೆ!” ವಾಪಸ್ ಟಿಕೆಟ್ ಏಪ್ರಿಲ್‌ಗೆ ಮಾಡಿಸಿಯೂ ಆಗಿತ್ತು.

ಪತ್ರ ತೆರೆದು ನೋಡಿದೆ. ‘Must not arrive after’ ಎದುರು 20 ನವೆಂಬರ್ 2026. ಅಂದರೆ ಅಷ್ಟರೊಳಗೆ ಅಲ್ಲಿ ಕಾಲಿಡಬೇಕು, ಅಷ್ಟೇ. ಎಷ್ಟು ದಿನ ಇರಬಹುದು ಅನ್ನೋದು ‘Length of stay’ ಅನ್ನುವ ಬೇರೆ ಸಾಲಿನಲ್ಲಿದೆ. ಅಲ್ಲಿ ಬರೆದಿದ್ದು, ಪ್ರತಿ ಸಲ ಬಂದಿಳಿದ ದಿನದಿಂದ ಮೂರು ತಿಂಗಳು. ಭಾವ ಅಲ್ಲಿ ಬಂದಿಳಿಯೋದು ನವೆಂಬರ್ 12ಕ್ಕೆ. ಹಾಗಾದರೆ ಫೆಬ್ರವರಿ 12ಕ್ಕೆ ಗಂಟುಮೂಟೆ ಕಟ್ಟಬೇಕು.

“ಮಲ್ಟಿಪಲ್ ಅಂತ ಇದ್ಯಲ್ಲೋ! ಜನವರಿಯಲ್ಲಿ ನ್ಯೂಜಿಲೆಂಡಿಗೆ ಹೋಗಿ ಬಂದರೆ ಹೊಸದಾಗಿ ಮೂರು ತಿಂಗಳು ಸಿಗಲ್ವಾ?”

ಸಿಗುತ್ತಿತ್ತು, ನವೆಂಬರ್ 20ರೊಳಗೆ ವಾಪಸ್ ಬಂದಿದ್ದರೆ. ಆ ತಾರೀಕು ದಾಟಿದ ಮೇಲೆ ಹೊರಗೆ ಹೋದರೆ ಹೋದಂತೆಯೇ. ಒಳಗಿದ್ದವರು ತಮ್ಮ ಮೂರು ತಿಂಗಳು ಮುಗಿಸಬಹುದು, ಮತ್ತೆ ಬಾಗಿಲು ತಟ್ಟುವಂತಿಲ್ಲ. ಇದನ್ನು ಹೇಳಿದೆ. ಮತ್ತೆ ಹೇಳಿದೆ. ಭಾವ ಪ್ರತಿ ಸಲವೂ “ಸರಿ ಸರಿ” ಅಂದು, ಸ್ವಲ್ಪ ಹೊತ್ತಾದ ಮೇಲೆ, “ಆದ್ರೆ ಮಲ್ಟಿಪಲ್ ಅಂತ ಇದ್ಯಲ್ಲೋ!” ಆ ಪದವನ್ನು ಯಾರು ಅಷ್ಟು ದಪ್ಪಕ್ಷರದಲ್ಲಿ ಅವರ ತಲೆಗೆ ಅಚ್ಚು ಹಾಕಿದರೋ!

“ಅಲ್ಲೇ ಇದ್ದು ಎಕ್ಸ್‌ಟೆನ್ಶನ್‌ಗೆ ಹಾಕ್ತೀನಿ ಬಿಡು.” ಪತ್ರದ ಕೊನೆಗೆ 8503 ಇತ್ತು. ಈ ಷರತ್ತು ಇದ್ದರೆ ಅಲ್ಲಿದ್ದುಕೊಂಡೇ ಇನ್ನೊಂದು ವೀಸಾಕ್ಕೆ ಅರ್ಜಿ ಹಾಕೋದು ಬಹುತೇಕ ಸಾಧ್ಯವಿಲ್ಲ. ತಡೆ ತೆಗೆಸಬೇಕಾದರೆ ನಿರೀಕ್ಷಿಸದ ದೊಡ್ಡ ತೊಂದರೆ ಏನೋ ಆಗಿರಬೇಕು. ಅಲ್ಲೇ ಇನ್ನಷ್ಟು ದಿನ ಇರೋ ಆಸೆ ಅದರ ಲೆಕ್ಕಕ್ಕೆ ಬರಲ್ಲ.

ಪಕ್ಕದಲ್ಲೇ 8101, ಕೆಲಸ ಮಾಡುವಂತಿಲ್ಲ. ಅಳಿಯನ ಗೆಳೆಯನ ಅಂಗಡಿಯ ಲೆಕ್ಕ ನೋಡಿಕೊಳ್ತೀನಿ ಅಂತ ಭಾವ ಆಗಲೇ ಮಾತು ಕೊಟ್ಟಿದ್ದರು. “ಒಂದು ಪೈಸೆ ತಗೊಳಲ್ಲ ಕಣೋ, ಸುಮ್ನೆ ಟೈಂಪಾಸ್!” ತಗೊಳ್ಳೋದು ಬಿಡೋದು ಪ್ರಶ್ನೆ ಅಲ್ಲ. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವಾದರೆ, ಬಿಟ್ಟಿ ಮಾಡಿದರೂ ಅದು ಕೆಲಸವೇ. ಮನೆಯಲ್ಲಿ ಮೊಮ್ಮಗಳನ್ನು ಎತ್ತಿ ಆಡಿಸಿದರೆ ಯಾರೂ ಕೇಳಲ್ಲ.

ಮೊಮ್ಮಗಳ ಹೆಸರು ಬಂದದ್ದೇ ಭಾವನ ದನಿ ಇಳಿಯಿತು. ಮಗುವಿಗೆ ಒಂದು ವರ್ಷ ತುಂಬೋದು ಫೆಬ್ರವರಿ 25ಕ್ಕೆ. ಏಪ್ರಿಲ್ ಟಿಕೆಟ್‌ನ ಗುಟ್ಟು ಅದು. ಬಂದಿಳಿಯೋದನ್ನು ಕೊನೆಯ ದಿನ ನವೆಂಬರ್ 20ಕ್ಕೆ ತಳ್ಳಿದರೂ ಫೆಬ್ರವರಿ 20ಕ್ಕೆ ಮುಗಿಯುತ್ತದೆ. ಐದು ದಿನ ಕಮ್ಮಿ. ನನಗೂ ಆ ಕ್ಷಣ ಸಿಟ್ಟು ಮಾಡೋಕೆ ಆಗಲಿಲ್ಲ.

ಹಿಂದಿನಿಂದ ಅಕ್ಕನ ದನಿ ಕೇಳಿತು: “ಹುಟ್ಟುಹಬ್ಬ ಹದಿನೆಂಟಕ್ಕೇ ಮಾಡಿಬಿಡೋಣ ಬಿಡ್ರಿ, ಮಗೂಗೇನು ಗೊತ್ತಾಗುತ್ತೆ?”

“ಆದ್ರೆ ಮಲ್ಟಿಪಲ್ ಅಂತ...” ಅಂದರು ಭಾವ.