ನಾಯಿ ಕಚ್ಚಿದ ದಿನ ಶಾಲೆಯಿಂದ ಬರಬೇಕಾದ ಪತ್ರ

"ಯಾರೂ ಗಾಬರಿಪಡುವ ಅಗತ್ಯವಿಲ್ಲ" ಎಂಬ ಸಾಲು ಓದಿ ಗಾಬರಿ ಬಿಟ್ಟ ಒಬ್ಬ ಅಮ್ಮನನ್ನೂ ನಾನು ನೋಡಿಲ್ಲ. ಏನಾಯಿತು, ಈಗ ಹೇಗಿದೆ, ನನ್ನ ಮಗುವಿಗೆ ನಾನೇನು ಮಾಡಬೇಕು? ಇಷ್ಟು ಸರಿಯಾಗಿ ಗೊತ್ತಾದರೆ ಗಾಬರಿ ತಾನಾಗಿ ಇಳಿಯುತ್ತದೆ.

ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಈ ಮಳೆಗಾಲದಲ್ಲಿ ಬೀದಿನಾಯಿ ಒಳಗೆ ಬಂದು ಇಬ್ಬರು ಮಕ್ಕಳಿಗೆ ಕಚ್ಚಿತು. ನಾನು ಅಲ್ಲಿನ ರಕ್ಷಕ ಶಿಕ್ಷಕ ಸಂಘದಲ್ಲಿದ್ದೇನೆ. ಅದೇ ಸಂಜೆ ಹೆತ್ತವರಿಗೆ ಕಳಿಸುವ ಪತ್ರವನ್ನು ಹೆಡ್ ಟೀಚರ್ ಬರೆದು ನನಗೆ ತೋರಿಸಿದರು. ಅದು ಹೀಗಿತ್ತು:

"ಮಾನ್ಯರೇ, ಇಂದು ಶಾಲಾ ವಠಾರದಲ್ಲಿ ನಾಯಿಯಿಂದಾಗಿ ಒಂದು ಸಣ್ಣ ಅಹಿತಕರ ಘಟನೆ ನಡೆದಿರುತ್ತದೆ. ಅದೃಷ್ಟವಶಾತ್ ಹೆಚ್ಚಿನ ಅನಾಹುತ ಸಂಭವಿಸಿಲ್ಲ. ಮಕ್ಕಳಿಗೆ ತಕ್ಷಣ ಚಿಕಿತ್ಸೆ ಕೊಡಿಸಲಾಗಿದ್ದು ಅವರು ಸುರಕ್ಷಿತವಾಗಿದ್ದಾರೆ. ಯಾರೂ ಗಾಬರಿಪಡುವ ಅಗತ್ಯವಿಲ್ಲ. ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಟೀಚರ್ ಒಳ್ಳೆಯವರು. ಮುಚ್ಚಿಡಬೇಕೆಂದು ಬರೆದದ್ದಲ್ಲ, ಊರು ಕಂಗಾಲಾಗಬಾರದು ಎಂದು ಬರೆದದ್ದು. ಆದರೆ ನಾಯಿ ಕಚ್ಚಿದ ವಿಷಯದಲ್ಲಿ ಇಂಥ ಪತ್ರ ಮಕ್ಕಳ ಜೀವಕ್ಕೇ ಅಪಾಯ.

ಯಾಕೆಂದರೆ ಕಚ್ಚಿಸಿಕೊಂಡ ಇಬ್ಬರು ನಮಗೆ ಗೊತ್ತು. ಅಂಗಳದಲ್ಲಿ ಆಗ ಓಡಿದ ಮಕ್ಕಳು ಇನ್ನೂ ಎಷ್ಟೋ. ಅವರಲ್ಲಿ ಯಾರಿಗಾದರೂ ಉಗುರು ಗೀರಿರಬಹುದು. ಮನೆಯಲ್ಲಿ ಬೈಯುತ್ತಾರೆ ಎಂದೋ ಇಂಜೆಕ್ಷನ್ ಹೆದರಿಕೆಗೋ ಮಗು ಬಾಯಿ ಬಿಡದೇ ಇರಬಹುದು. ರೇಬೀಸ್ ಲಕ್ಷಣ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಅದಕ್ಕೂ ಬೇಗ ಅಥವಾ ತಡವಾಗಿ. ಕಾಣಿಸಿಕೊಂಡ ಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೆ ಮೊದಲು ಗಾಯ ತೊಳೆದು ಲಸಿಕೆ ಸರಿಯಾಗಿ ಹಾಕಿಸಿದರೆ ತಡೆಯಬಹುದು. "ಸಣ್ಣ ಘಟನೆ" ಎಂದು ಓದಿದ ಅಪ್ಪ ತನ್ನ ಮಗನ ಕಾಲು ನೋಡುವುದಿಲ್ಲ, ಅಲ್ವಾ?

ಸಂಘದ ಇನ್ನೊಬ್ಬರು ಇದಕ್ಕೆ ಪೂರಾ ವಿರುದ್ಧ. "ಶಾಲೆಯಲ್ಲಿ ಹುಚ್ಚುನಾಯಿ ದಾಳಿ ಎಂದೇ ಹಾಕಿ, ಆಗ ಪಂಚಾಯತಿನವರು ಎಚ್ಚರ ಆಗ್ತಾರೆ" ಎಂದರು. ಅದೂ ಸರಿಯಲ್ಲ. ನಾಯಿಗೆ ರೇಬೀಸ್ ಇತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅದು ಗೇಟಿನಿಂದ ಹೊರಗೆ ಓಡಿಹೋಗಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದರೆ, ನಾಳೆ ಗೊತ್ತಿದ್ದದ್ದನ್ನು ಹೇಳಿದರೂ ಯಾರೂ ನಂಬುವುದಿಲ್ಲ.

ಟೀಚರ್ ಜೊತೆ ಕೂತು ಮೊದಲು ಮಾಡಿದ ಕೆಲಸ, ಹೊತ್ತು ಬರೆದುಕೊಂಡದ್ದು. ಊಟದ ಹೊತ್ತು, 1:10ಕ್ಕೆ ನಾಯಿ ಬಂತು. ಡ್ಯೂಟಿಯಲ್ಲಿದ್ದ ಟೀಚರ್ ಇಬ್ಬರನ್ನೂ ನಳ್ಳಿಯ ಹತ್ತಿರ ಕೂರಿಸಿ ಸಾಬೂನು ಹಾಕಿ 15 ನಿಮಿಷ ಗಾಯ ತೊಳೆದರು. 1:35ಕ್ಕೆ ರಿಕ್ಷಾ ಹೊರಟಿತು. ಇಷ್ಟು ಬರೆದರೆ "ತಕ್ಷಣ" ಎನ್ನುವ ಮಾತೇ ಬೇಡ. ಹೊರಡಲು ಯಾಕೆ ತಡ ಎಂದು ಕೇಳುವವರಿಗೂ ಅದರಲ್ಲೇ ಉತ್ತರ ಇದೆ.

"ಸುರಕ್ಷಿತವಾಗಿದ್ದಾರೆ" ಎಂಬುದನ್ನು ತೆಗೆಯಲು ಹೇಳಿದೆ. ಲಸಿಕೆ ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹಾಕಬೇಕು. ಆಗಿದ್ದು ಒಂದು, ಬಾಕಿ ಮೂರು. ಇರುವ ಸ್ಥಿತಿ ಅಷ್ಟೇ, ಅದನ್ನೇ ಬರೆಯೋಣ ಎಂದೆ. ಅವರು ಒಪ್ಪಿದರು.

ಜಾಸ್ತಿ ಚರ್ಚೆ ಆದದ್ದು ಗೇಟಿನ ಬಗ್ಗೆ. ಹಿಂಬದಿ ಗೇಟಿಗೆ ಚಿಲಕ ಹಾಕಿರಲಿಲ್ಲ. "ಅದನ್ನು ಬರೆದರೆ ನಾವೇ ಸಿಕ್ಕಿಬೀಳ್ತೇವೆ" ಎಂದು ಟೀಚರ್ ಹಿಂಜರಿದರು. ಅವರ ಭಯ ನನಗೆ ಅರ್ಥವಾಗುತ್ತದೆ, ಮೇಲಿನ ಕಚೇರಿಗೆ ಉತ್ತರ ಕೊಡಬೇಕಾದವರು ಅವರು. ಆದರೆ ಗೇಟು ತೆರೆದಿದ್ದದ್ದನ್ನು ಎಲ್ಲ ಮಕ್ಕಳೂ ನೋಡಿದ್ದಾರೆ. ಮನೆಯಲ್ಲಿ ಮಗು ಹೇಳಿದ ಮಾತು ಪತ್ರದಲ್ಲಿ ಇಲ್ಲದಿದ್ದರೆ ಪತ್ರದ ಉಳಿದ ಮಾತುಗಳಿಗೂ ಬೆಲೆ ಹೋಗುತ್ತದೆ. ಯಾರ ತಪ್ಪು ಎಂದು ತೀರ್ಪು ಕೊಡುವುದು ಬೇಡ, ಕಂಡದ್ದನ್ನು ಬರೆದರೆ ಸಾಕು ಎಂದೆ. ಕೊನೆಗೆ ಹೋದ ಪತ್ರ ಇದು:

"ಹೆತ್ತವರಿಗೆ,
ಇಂದು ಮಧ್ಯಾಹ್ನ 1:10ಕ್ಕೆ ಶಾಲೆಯ ಅಂಗಳಕ್ಕೆ ಬಂದ ಬೀದಿನಾಯಿ ನಮ್ಮ ಇಬ್ಬರು ಮಕ್ಕಳ ಕಾಲಿಗೆ ಕಚ್ಚಿದೆ. ಗಾಯವನ್ನು ಸಾಬೂನು ಹಾಕಿ 15 ನಿಮಿಷ ತೊಳೆದು, 1:35ಕ್ಕೆ ತಾಲೂಕು ಆಸ್ಪತ್ರೆಗೆ ಹೊರಟೆವು. ಇಬ್ಬರಿಗೂ ಇಂದೇ ಲಸಿಕೆ ಶುರು ಮಾಡಿದ್ದಾರೆ. ರಕ್ತ ಬಂದಿದ್ದರಿಂದ ಗಾಯದ ಸುತ್ತ ರೇಬೀಸ್ ತಡೆಯುವ ಇಮ್ಯುನೊಗ್ಲೋಬ್ಯುಲಿನ್ ಎಂಬ ಇಂಜೆಕ್ಷನ್ ಕೂಡ ಕೊಟ್ಟಿದ್ದಾರೆ. ಈಗ ಇಬ್ಬರೂ ಮನೆಯಲ್ಲಿದ್ದಾರೆ. ಇನ್ನು ಮೂರು ಸಲ ಲಸಿಕೆ ಬಾಕಿ ಇದೆ.
ನಾಯಿ ಸಿಕ್ಕಿಲ್ಲ. ಅದಕ್ಕೆ ರೇಬೀಸ್ ಇತ್ತೇ ಎಂದು ನಮಗೆ ಗೊತ್ತಿಲ್ಲ.
ನಾಯಿ ಬಂದಾಗ ಹಿಂಬದಿ ಗೇಟಿಗೆ ಚಿಲಕ ಹಾಕಿರಲಿಲ್ಲ. ನಾಳೆಯಿಂದ ಬೆಲ್ ಆದ ಕೂಡಲೇ ಗೇಟು ಮುಚ್ಚಲಾಗುತ್ತದೆ, ನಾನೇ ನೋಡಿಕೊಳ್ಳುತ್ತೇನೆ.
ಇಂದು ರಾತ್ರಿ ನಿಮ್ಮ ಮಗುವಿನ ಕೈಕಾಲು ನೋಡಿ. ಬೈಯದೆ ಕೇಳಿ. ಕಚ್ಚಿದ ಅಥವಾ ಗೀರಿದ ಗುರುತು ಇದ್ದರೆ, ರಕ್ತ ಬಾರದಿದ್ದರೂ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಇಂದೇ ಆಸ್ಪತ್ರೆಗೆ ಹೋಗಿ. ಅರಸಿನ, ಸುಣ್ಣ, ಮೆಣಸು ಹಚ್ಚಬೇಡಿ. ನಾಯಿ ಹತ್ತಿರ ಸುಳಿದದ್ದು ಮಾತ್ರ, ಗಾಯವಿಲ್ಲ ಎಂದಾದರೆ ಲಸಿಕೆ ಬೇಕಿಲ್ಲ.
ನಾಳೆ ಸಂಜೆ 5 ಗಂಟೆಗೆ ಮತ್ತೆ ತಿಳಿಸುತ್ತೇನೆ. ಕೇಳಲಿಕ್ಕಿದ್ದರೆ ನನಗೇ ಫೋನ್ ಮಾಡಿ."

ನಾಯಿ ಸುಳಿದದ್ದು ಮಾತ್ರವಾದರೆ ಲಸಿಕೆ ಬೇಡ ಎಂಬ ಆ ಸಾಲು ನೋಡಿ. ಸಮಾಧಾನ ಹೇಳುವ ಸಾಲು ಅದು, ಆದರೆ ಅದರಲ್ಲಿ ಸುಮ್ನೆ ಧೈರ್ಯ ತುಂಬುವ ಮಾತಿಲ್ಲ. ಯಾರು ಹೆದರಬೇಕಿಲ್ಲ, ಯಾಕೆ ಎಂದು ಅದೇ ಹೇಳುತ್ತದೆ.

ಮಕ್ಕಳ ಹೆಸರು, ತರಗತಿ ಎರಡೂ ಇಲ್ಲ. ನಮ್ಮಂಥ ಸಣ್ಣ ಶಾಲೆಯಲ್ಲಿ ತರಗತಿ ಹೇಳಿದರೂ ಮಗು ಯಾರೆಂದು ಗೊತ್ತಾಗುತ್ತದೆ. ಗ್ರೂಪಿಗೆ ಹಾಕುವ ಮೊದಲು ಆ ಎರಡೂ ಮನೆಗೆ ಟೀಚರ್ ಫೋನ್ ಮಾಡಿ ಪತ್ರ ಓದಿ ಹೇಳಿದರು. ತನ್ನ ಮಗುವಿನ ಸುದ್ದಿಯನ್ನು ತಾಯಿ ವಾಟ್ಸಾಪ್‌ನಲ್ಲಿ ಮೊದಲು ಓದುವಂತಾಗಬಾರದು. ಕನ್ನಡ, ಮಲಯಾಳ ಎರಡೂ ಪ್ರತಿ ಒಂದೇ ಹೊತ್ತಿಗೆ ಹೋಯಿತು. ಒಂದು ಮೊದಲು ಹೋದರೆ ಉಳಿದವರಿಗೆ ಬಾಯಿಮಾತಿನ ಸುದ್ದಿಯೇ ಗತಿ.

ರಾತ್ರಿ ಒಬ್ಬ ತಾಯಿ ಟೀಚರಿಗೆ ಫೋನ್ ಮಾಡಿದರು. ಮಗಳ ಮೀನಖಂಡದ ಹಿಂದೆ ಗೀರು ಇತ್ತು, ಬೇಲಿಯ ಮುಳ್ಳು ಎಂದು ಮಗು ಹೇಳಿತ್ತಂತೆ, ಮತ್ತೆ ಮತ್ತೆ ಕೇಳಿದಾಗ ನಾಯಿ ಎಂದಿತು. ಆ ಮಗುವಿಗೂ ಅದೇ ರಾತ್ರಿ ಲಸಿಕೆ ಶುರುವಾಯಿತು.

ಮರುದಿನ 5 ಗಂಟೆಗೆ ಹೇಳಲು ಹೊಸದೇನೂ ಇಲ್ಲ ಎಂದು ಟೀಚರ್ ಬಿಡುವವರಿದ್ದರು. ಕಳಿಸಲೇಬೇಕು ಎಂದೆ. ಮಾತು ಕೊಟ್ಟ ಹೊತ್ತಿಗೆ ಸುದ್ದಿ ಬರದಿದ್ದರೆ ಆ ಜಾಗವನ್ನು ವದಂತಿ ತುಂಬುತ್ತದೆ. ಮೂರು ಸಾಲು ಹೋಯಿತು: ಇನ್ನೊಂದು ಮಗುವಿಗೆ ಗೀರಿದ್ದು ತಿಳಿದಿದೆ, ಲಸಿಕೆ ಶುರುವಾಗಿದೆ. ನಾಯಿ ಇನ್ನೂ ಸಿಕ್ಕಿಲ್ಲ. ಗೇಟಿಗೆ ಚಿಲಕ ಬಿದ್ದಿದೆ, ಮುಂದಿನ ಲಸಿಕೆಯ ದಿನ ಮತ್ತೆ ತಿಳಿಸುತ್ತೇನೆ.