‘ಸತ್ಯವಾಗಿಯೂ ಏಷ್ಯಾ’ ಅಂತೆ!

ಈಗಷ್ಟೇ ಒಂದು ಟ್ರಾವೆಲ್ಸ್‌ನವರ ಕನ್ನಡ ಬ್ರೋಷರ್ ಕೈಗೆ ಬಂತು. ಮುಖಪುಟದಲ್ಲೇ ದಪ್ಪಕ್ಷರದಲ್ಲಿ ‘ಮಲೇಷ್ಯಾ, ಸತ್ಯವಾಗಿಯೂ ಏಷ್ಯಾ’. ಅಲ್ಲ ಅಂದವರು ಯಾರು ಸ್ವಾಮಿ? ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದ ಹಾಗಿದೆ.

ನನ್ನ ಕಸುಬು ಅನುವಾದ, ನಿಮಗೆ ಗೊತ್ತು. ಇಂಥದ್ದು ಕಂಡರೆ ಊಟ ಸೇರುವುದಿಲ್ಲ.

‘ಮಲೇಷ್ಯಾ, ಟ್ರೂಲಿ ಏಷ್ಯಾ’ ಅನ್ನುವುದು ಮಲೇಷ್ಯಾ ಪ್ರವಾಸೋದ್ಯಮದವರ, 1999ರಿಂದ ಓಡುತ್ತಿರುವ ಸಾಲು. ಮಲಯರು, ಚೀನೀಯರು, ಭಾರತೀಯರು ಎಲ್ಲ ಒಂದೇ ದೇಶದಲ್ಲಿದ್ದಾರೆ, ಇಲ್ಲಿಗೆ ಬಂದರೆ ಏಷ್ಯಾ ನೋಡಿದ ಹಾಗೆ ಅನ್ನುವುದು ಅದರ ಮಾತು. ಪ್ರಾಸ ಇರುವುದು ಎರಡು ಹೆಸರುಗಳಲ್ಲಿ. ಆ ಹೆಸರು ಕನ್ನಡದಲ್ಲೂ ಅವೇ, ಅಂದರೆ ಪ್ರಾಸ ಪುಕ್ಕಟೆ ಸಿಕ್ಕಿದೆ! ಯೋಚನೆ ಮಾಡಬೇಕಾಗಿದ್ದುದು ನಡುವಿನ ಒಂದೇ ಒಂದು ಪದಕ್ಕೆ. ನಮ್ಮ ಮಹಾಶಯರು ಅದಕ್ಕೇ ನಿಘಂಟು ತೆಗೆದಿದ್ದಾರೆ. ‘ನಿಜವಾದ ಏಷ್ಯಾ’ ಅಂದರೂ ಆಗಲ್ಲ, ಉಳಿದ ದೇಶಗಳೆಲ್ಲ ಡೂಪ್ಲಿಕೇಟಾ ಅನ್ನಿಸುತ್ತದೆ. ‘ಮಲೇಷ್ಯಾ, ಇಲ್ಲೇ ಇಡೀ ಏಷ್ಯಾ’ ಅಂದು ನೋಡಿ. ಮಾತೂ ಬಂತು, ಪ್ರಾಸವೂ ಉಳಿಯಿತು. ನಮ್ಮ ಕಿವಿಗೆ ಪ್ರಾಸ ಮೊದಲಿಂದಲೂ ಇಷ್ಟ. ‘ದೇಶ ಸುತ್ತು, ಕೋಶ ಓದು’ ನಾಲಿಗೆಯಲ್ಲಿ ನಿಂತಿರುವುದು ಸುಮ್ನೆ ಅಲ್ಲ.

ಎಲ್ಲ ಆಟವೂ ಹೀಗೆ ದಾಟಿ ಬರುವುದಿಲ್ಲ, ಒಪ್ಪುತ್ತೇನೆ. ಮಧ್ಯಪ್ರದೇಶದವರು ತಮ್ಮನ್ನು ಭಾರತದ ‘ಹಾರ್ಟ್’ ಅಂತಾರೆ. ನಾವೂ ‘ಊರಿನ ಹೃದಯಭಾಗ’ ಅನ್ನುತ್ತೇವಲ್ಲ, ಅಲ್ಲಿ ಕಷ್ಟವಿಲ್ಲ. ಆದರೆ 2002ರಲ್ಲಿ ಬಂದ ‘ಇನ್‌ಕ್ರೆಡಿಬಲ್ ಇಂಡಿಯಾ’ದಲ್ಲಿ ಆಶ್ಚರ್ಯಚಿಹ್ನೆಯೇ ‘ಇಂಡಿಯಾ’ದ ಇಂಗ್ಲಿಷ್ ‘I’ ಅಕ್ಷರದ ಜಾಗದಲ್ಲಿ ನಿಂತಿದೆ. ನಮ್ಮ ‘ಇ’ಗೆ ಆ ಆಕಾರ ಎಲ್ಲಿಂದ ಬರಬೇಕು? ಅಲ್ಲಿ ‘ಅತುಲ್ಯ ಭಾರತ’ ಅಂದು ಸುಮ್ಮನಾಗಬೇಕು. ಈ ಬ್ರೋಷರಿನವರು ‘ಅತುಲ್ಯ !ಭಾರತ’ ಅಂತ ಅಚ್ಚು ಹಾಕಿದ್ದಾರೆ. ಅದು ಪ್ರೂಫ್ ನೋಡದೆ ಬಿಟ್ಟ ತಪ್ಪಿನ ಹಾಗೆ ಕಾಣುತ್ತದೆ.

‘ಅದು ಅವರ ಬ್ರ್ಯಾಂಡು, ಬದಲಾಯಿಸೋ ಹಾಗಿಲ್ಲ’ ಅಂತ ಯಾರಾದರೂ ಬರುತ್ತೀರಿ, ಗೊತ್ತು. ಹಾಗಿದ್ದರೆ ಲೋಗೋವನ್ನು ಇದ್ದ ಹಾಗೇ ಚಿತ್ರದಂತೆ ಬಿಡಿ, ಕೆಳಗೆ ಒಂದು ಸಾಲು ಕನ್ನಡದಲ್ಲೇ ಹೊಸದಾಗಿ ಬರೆಸಿ. ಅದು ಬಿಟ್ಟು ಮೂರು ಪದದ ಸ್ಲೋಗನ್ನನ್ನು ಎಕ್ಸೆಲ್ ಶೀಟಿನ ಒಂದು ಸಾಲಾಗಿ ಕಳಿಸಿ, ಪದಕ್ಕಿಷ್ಟು ಅಂತ ದುಡ್ಡು ಕೊಟ್ಟರೆ ಬರೋದು ಇದೇ. ಪಕ್ಕದಲ್ಲಿರೋ ಫೋಟೋ ಯಾವುದು ಅಂತಲೂ ಹೇಳುವುದಿಲ್ಲ. ಕೊಟ್ಟ ದುಡ್ಡಿಗೆ ಬೈಟೂ ಕಾಫಿಯೂ ಬರಲ್ಲ. ಹೌದು, ಹೊಟ್ಟೆಯುರಿ ಇದೆ. ಕೇಳಿದ್ದರೆ ನಾಲ್ಕು ಸಾಲು ಬರೆದು, ಒಂದೊಂದು ಕಿವಿಗೆ ಹೇಗೆ ಕೇಳುತ್ತದೆ ಅಂತ ವಿವರಿಸಿ ಕೊಡುತ್ತಿದ್ದೆ. ಫೋನಿನಲ್ಲಿ ಯಾರಿಗಾದರೂ ಓದಿ ಹೇಳಿದರೂ ಸಾಕಿತ್ತು. ‘ಏನಂದ್ರಿ?’ ಅಂತ ಅವರು ತಿರುಗಿ ಕೇಳಿದರೆ ಆ ಸಾಲು ಕಸದಬುಟ್ಟಿಗೆ.

ಕೊನೇ ಪುಟ ಕೇರಳದ್ದು. ಅವರ ‘ಗಾಡ್ಸ್ ಓನ್ ಕಂಟ್ರಿ’ ಇಲ್ಲಿ ‘ದೇವರ ಸ್ವಂತ ದೇಶ’. ‘ದೇವರ ನಾಡು’ ಅಂದರೆ ಸಾಲುತ್ತಿರಲಿಲ್ಲವೇ? ಸ್ವಂತ ಮನೆ, ಸ್ವಂತ ಸೈಟು ಕೇಳಿದ್ದೆ. ಖಾತಾ ಯಾರ ಹೆಸರಲ್ಲಿದೆಯೋ!